ಭುಜ ಜಾರುತ್ತೆ, ತೋಳು ಏರಲ್ಲ: ತಪ್ಪು ಮೈಯದ್ದಾ, ಪ್ಯಾಟರ್ನ್‌ದಾ?

ಪ್ರಶ್ನೆ: ಮೇಡಂ, ನಂಗೆ 31 ವರ್ಷ, ಊರು ದಾವಣಗೆರೆ. ತಂಗಿ ನಿಶ್ಚಿತಾರ್ಥಕ್ಕೆ ಕುರ್ತಾ ಸೆಟ್ ತಗೊಳ್ಳೋಣ ಅಂತ ಒಂದು ದೊಡ್ಡ ಶೋರೂಮ್‌ಗೆ ಹೋಗಿದ್ವಿ. ಇನ್ನೂ ಹ್ಯಾಂಗರ್ ಮುಟ್ಟಿರಲಿಲ್ಲ, ಸೇಲ್ಸ್ ಹುಡುಗಿ "ಆಂಟಿ, ನಿಮ್ ಸೈಜ್ ಇಲ್ಲಿ ಬರಲ್ಲ, ದುಪಟ್ಟಾ ನೋಡ್ತೀರಾ" ಅಂತ ಎಲ್ರಿಗೂ ಕೇಳೋ ಹಂಗೆ ಅಂದ್ಲು. ಕೊನೆಗೆ ಒಂದು ಥ್ರೀ ಎಕ್ಸ್‌ಎಲ್ ಸಿಕ್ತು, ಹಾಕಿದ್ರೆ ಭುಜ ಜಾರುತ್ತೆ ಆದ್ರೆ ತೋಳು ಮೇಲೆ ಏರಲ್ಲ. ದೊಡ್ಡ ಸೈಜ್‌ಗೆ ಬಟ್ಟೆ ಜಾಸ್ತಿ ಹಿಡಿಯುತ್ತೆ, ಅದಕ್ಕೇ ಕಂಪನಿಯೋರು ಮಾಡಲ್ಲ ಅಂದ್ರು. ಇದು ನಿಜಾನಾ? ತಪ್ಪು ನನ್ನ ಮೈಯದ್ದಾ? ಏನಾದ್ರೂ ಮಾಡೋಕಾಗುತ್ತಾ?

ಉತ್ತರ: ಮೊದಲು ಆ ಥ್ರೀ ಎಕ್ಸ್‌ಎಲ್ ಕುರ್ತಿನೇ ತಗೊಳ್ಳೋಣ, ಯಾಕಂದ್ರೆ ನೀವು ಕೇಳಿರೋದಕ್ಕೆ ಅರ್ಧ ಉತ್ತರ ಅದರ ಕಟಿಂಗ್‌ನಲ್ಲೇ ಇದೆ. ಭುಜ ಜಾರೋದು, ತೋಳು ಬಿಗಿ ಆಗೋದು, ಈ ಎರಡೂ ಒಂದೇ ಬಟ್ಟೇಲಿ ಒಟ್ಟಿಗೆ ಕಾಣಿಸಿದ್ರೆ ಅದನ್ನ ನಿಮ್ಮಂಥ ಮೈ ಎದುರಿಗೆ ಇಟ್ಕೊಂಡು ಯಾರೂ ಮಾಡಿಲ್ಲ ಅಂತಾನೇ ಅರ್ಥ. ಎಂ ಸೈಜ್ ಕುರ್ತಿನ ಕಂಪ್ಯೂಟರಲ್ಲಿ ಹಿಗ್ಗಿಸಿ ಥ್ರೀ ಎಕ್ಸ್‌ಎಲ್ ಅಂತ ಲೇಬಲ್ ಹಾಕಿದಾರೆ ಅಷ್ಟೇ. ನಾನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಸ್ಯಾಂಪಲ್ ರೂಮಲ್ಲಿ ಪ್ಯಾಟರ್ನ್, ಅಂದ್ರೆ ಬಟ್ಟೆ ಕತ್ತರಿಸೋಕೆ ಬೇಕಾದ ಅಚ್ಚು, ಬರೆಯೋ ಕೆಲಸ ಮಾಡ್ಕೊಂಡು ಬಂದೋಳು, ಇದು ಹೆಂಗಾಗುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಒಂದು ಡಿಸೈನ್ ಬಂದಾಗ ಎಲ್ಲಾ ಸೈಜ್‌ಗೂ ಬೇರೆಬೇರೆ ಪ್ಯಾಟರ್ನ್ ಬರೆಯಲ್ಲ. ಬೇಸ್ ಸೈಜ್ ಅಂತ ಒಂದು ಇಟ್ಕೋತಾರೆ, ಸಾಮಾನ್ಯವಾಗಿ ಎಂ. ಆ ಎಂ ಸೈಜ್‌ಗೆ ಪ್ಯಾಟರ್ನ್ ಬರೆದು, ಸ್ಯಾಂಪಲ್ ಹೊಲಿದು, ಎಂ ಸೈಜಿನ ಹುಡುಗಿಗೋ ಡಮ್ಮಿಗೋ ಹಾಕಿ ಎಲ್ಲಿ ಎಳೀತಿದೆ ಎಲ್ಲಿ ಜೋಲಿದೆ ಅಂತ ನೋಡಿ ತಿದ್ದುತಾರೆ. ಅದು ಪಾಸ್ ಆದ್ಮೇಲೆ ಉಳಿದ ಸೈಜ್‌ಗಳನ್ನ ಗ್ರೇಡಿಂಗ್ ಮಾಡ್ತಾರೆ, ಅಂದ್ರೆ ಒಂದೊಂದು ಸೈಜ್‌ಗೂ ಎದೆಗೆ 2 ಇಂಚು, ಭುಜಕ್ಕೆ ಅರ್ಧ ಇಂಚು, ತೋಳಿನ ಸುತ್ತಳತೆಗೆ ಅರ್ಧ ಇಂಚು, ಹಿಂಗೆ ಒಂದು ಲೆಕ್ಕ ಕೊಟ್ರೆ ಸಾಫ್ಟ್‌ವೇರ್ ತಾನೇ ಹಿಗ್ಗಿಸಿ ಕೊಡುತ್ತೆ. ಎಲ್‌ಗೆ, ಎಕ್ಸ್‌ಎಲ್‌ಗೆ ಇದು ನಡೆಯುತ್ತೆ, ಒಂದೆರಡು ಮೆಟ್ಟಿಲು ಅಲ್ವಾ, ತಪ್ಪಿದ್ರೂ ಗೊತ್ತಾಗಲ್ಲ. ಥ್ರೀ ಎಕ್ಸ್‌ಎಲ್ ಅಂದ್ರೆ ಎಂ ಇಂದ ನಾಲ್ಕು ಮೆಟ್ಟಿಲು, ಅಷ್ಟೊತ್ತಿಗೆ ಸಣ್ಣ ಸಣ್ಣ ತಪ್ಪೆಲ್ಲ ಕೂಡಿ ಮೈಮೇಲೆ ಬಂದು ಕೂತ್ಕೊಳ್ಳುತ್ತೆ.

ಲೆಕ್ಕ ಹಾಕಿ ನೋಡಿ. ಎಂ ಕುರ್ತಿ ಎದೆ 38 ಇಂಚು, ಭುಜ ಹದಿನಾಲ್ಕೂವರೆ, ತೋಳು 13 ಅಂದ್ಕೊಳ್ಳಿ. ಮೇಲಿನ ಲೆಕ್ಕದಲ್ಲಿ ನಾಲ್ಕು ಸಲ ಹಿಗ್ಗಿಸಿದ್ರೆ ಥ್ರೀ ಎಕ್ಸ್‌ಎಲ್ ಎದೆ 46, ಭುಜ ಹದಿನಾರೂವರೆ, ತೋಳು 15 ಆಗುತ್ತೆ. ಈಗ 44 ಇಂಚು ಎದೆ ಇರೋ ಹೆಂಗಸಿನ ಮೈ ನೋಡಿ. ಮೈ ತುಂಬಿಕೊಂಡ್ರೂ ಭುಜದ ಮೂಳೆ ಅಗಲ ಆಗಲ್ಲ, ಆಕೆ ಭುಜ ಬಹಳ ಸಲ 15, ಹದಿನೈದೂವರೆ ಇಂಚಲ್ಲೇ ಇರುತ್ತೆ. ಆದ್ರೆ ತೋಳು 16 ಇಂಚು ಇರ್ಬಹುದು, ಕೈ ಎತ್ತೋಕೆ ಅಂತ ಅದರ ಮೇಲೆ ಒಂದೂವರೆ ಇಂಚು ಲೂಸ್ ಬೇಕು. ಅಂದ್ರೆ ಬೇಕಾಗಿರೋದು ಹದಿನೇಳೂವರೆ, ಕುರ್ತಿಯಲ್ಲಿ ಇರೋದು 15. ಭುಜದಲ್ಲಿ ಒಂದು ಇಂಚು ಜಾಸ್ತಿ, ತೋಳಲ್ಲಿ ಎರಡೂವರೆ ಇಂಚು ಕಮ್ಮಿ. ನೀವು ಟ್ರಯಲ್ ರೂಮಲ್ಲಿ ಅನುಭವಿಸಿದ್ದು ಸರಿಯಾಗಿ ಇದೇ, ಇದರಲ್ಲಿ ನಿಮ್ಮ ಮೈ ತಪ್ಪು ಎಲ್ಲಿಂದ ಬಂತು ಹೇಳಿ.

ಇನ್ನೊಂದು ವಿಷಯ ಇದೆ. ಎದೆ ಹೊಟ್ಟೆ ತುಂಬಿಕೊಳ್ಳೋದು ಹೆಚ್ಚಾಗಿ ಮುಂದುಗಡೆ, ಆದ್ರೆ ಗ್ರೇಡಿಂಗ್ ಮಾಡುವಾಗ 2 ಇಂಚನ್ನ ಮುಂದೆ ಒಂದು ಹಿಂದೆ ಒಂದು ಅಂತ ಸಮ ಹಂಚಿಬಿಡ್ತಾರೆ. ಅದಕ್ಕೆ ದೊಡ್ಡ ಸೈಜ್ ಕುರ್ತಿ ಬೆನ್ನ ಮೇಲೆ ಜೋಲಾಡ್ತಾ ಇರುತ್ತೆ, ಎದೆ ಹತ್ರ ಹಿಡಿದಿರುತ್ತೆ. ಮುಂದಿನ ಸಲ ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು ನೋಡಿ: ಮುಂದಿನ ಅಂಚು ಹಿಂದಿನ ಅಂಚಿಗಿಂತ ಮೇಲೆ ಎದ್ದಿದ್ರೆ, ಎದೆಯಿಂದ ಕಂಕುಳ ಕಡೆಗೆ ಓರೆಯಾಗಿ ಸುಕ್ಕುಗಳು ಹೋಗ್ತಿದ್ರೆ, ಭುಜದ ಹೊಲಿಗೆ ಮೂಳೆ ದಾಟಿ ತೋಳ ಮೇಲೆ ಕೂತಿದ್ರೆ, ಅದು ಎಂ ಇಂದ ಹಿಗ್ಗಿಸಿದ ಬಟ್ಟೆ. ಸುಕ್ಕು ಯಾವ ಕಡೆಗೆ ಬೊಟ್ಟು ಮಾಡ್ತಿದೆಯೋ ಬಟ್ಟೆ ಸಾಲ್ತಿಲ್ಲದ ಜಾಗ ಅದು. ಸುಕ್ಕೇ ಇಲ್ಲದೆ ಬರೀ ಅಗಲ ಆಗಿದ್ರೆ ಅದು ಸೈಜಿನ ಸಮಸ್ಯೆ, ಒಂದು ಸೈಜ್ ಕಮ್ಮಿ ಹಾಕಿದ್ರೆ ಸರಿ ಹೋಗುತ್ತೆ. ಸುಕ್ಕು ಇದ್ದು ಜೊತೆಗೆ ಇನ್ನೊಂದು ಕಡೆ ಜೋಲಿದ್ರೆ ಮಾತ್ರ ಕಟಿಂಗೇ ತಪ್ಪು, ಅದಕ್ಕೆ ಸೈಜ್ ಬದಲಾಯಿಸಿ ಪ್ರಯೋಜನ ಇಲ್ಲ.

ಇದಕ್ಕೆ ಪರಿಹಾರ ಗೊತ್ತಿಲ್ದೆ ಇರೋರಲ್ಲ ನಾವು. ಡಬಲ್ ಎಕ್ಸ್‌ಎಲ್ ಇಂದ ಮೇಲಕ್ಕೆ ಬೇರೆ ಬೇಸ್ ಪ್ಯಾಟರ್ನ್ ಬರೀಬೇಕು, ಅದನ್ನ ಆ ಸೈಜಿನ ನಿಜವಾದ ಹೆಂಗಸಿಗೇ ಹಾಕಿ ಫಿಟ್ ನೋಡ್ಬೇಕು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರೋಡ್ ಕಡೆ ಎಕ್ಸ್‌ಪೋರ್ಟ್ ಕೆಲಸದಲ್ಲಿ ಅಮೆರಿಕದ ಬೈಯರ್ ಪ್ಲಸ್ ಸೈಜ್ ಆರ್ಡರ್ ಕೊಟ್ರೆ ಅದಕ್ಕೆ ಬೇರೆ ಅಳತೆ ಶೀಟೇ ಬರುತ್ತೆ, ಬೇರೆ ಸ್ಯಾಂಪಲ್ ಹೋಗುತ್ತೆ, ನಮ್ಮ ಹೆಣ್ಮಕ್ಕಳೇ ಅದನ್ನ ಹೊಲಿದು ಕಳಿಸ್ತಾರೆ. ಕೈಕಸುಬು ಇಲ್ಲೇ ಇದೆ, ಆದ್ರೆ ಅದು ಹಡಗು ಹತ್ತಿ ಹೋಗುತ್ತೆ, ದಾವಣಗೆರೆಗೆ ಬರೋದು ಹಿಗ್ಗಿಸಿದ ಎಂ. ನಂಗೆ ಇದು ನಿಜಕ್ಕೂ ನೋವು ಕೊಡೋ ವಿಷಯ.

ಈಗ ಬಟ್ಟೆ ಜಾಸ್ತಿ ಹಿಡಿಯುತ್ತೆ ಅನ್ನೋ ಮಾತು. ಪೂರ್ತಿ ಸುಳ್ಳಲ್ಲ, ಆದ್ರೆ ಜಾಸ್ತಿ ಆಗೋದು ಅವ್ರು ಹೇಳೋ ಜಾಗದಲ್ಲಿ ಅಲ್ಲ. ಮಾಮೂಲಿ ಕಾಟನ್ 44 ಇಂಚು ಪನ್ನ ಬರುತ್ತೆ ಅಂತ ಇಟ್ಕೊಳ್ಳಿ, ಮೊಣಕಾಲಿಗಿಂತ ಕೆಳಗೆ ಬರೋ ನೇರ ಕಟ್ ಕುರ್ತಿ, ಉದ್ದ 44 ಇಂಚು, ಮಡಿಕೆ ಎಲ್ಲ ಸೇರಿ 46. ಎಂ ಸೈಜಲ್ಲಿ ಮುಂದಿನ ಭಾಗ ಹಿಂದಿನ ಭಾಗ ಎರಡೂ ಪನ್ನದಲ್ಲಿ ಅಕ್ಕಪಕ್ಕ ಕೂತ್ಕೊಳ್ಳುತ್ತೆ, ಯಾಕಂದ್ರೆ ಒಂದೊಂದು ಅಂಚಿನ ಹತ್ರ ಹೊಲಿಗೆ ಮಾರ್ಜಿನ್ ಸೇರಿ ಸುಮಾರು ಇಪ್ಪತ್ತೊಂದೂವರೆ ಇಂಚು, ಎರಡು ಸೇರಿ 43. ಅದರ ಕೆಳಗೆ ತೋಳು ಕತ್ತರಿಸಿದ್ರೆ ಒಟ್ಟು ಹತ್ರ ಹತ್ರ 1.7 ಮೀಟರ್ ಸಾಕು. ಎಲ್‌ಗೆ ಬರ್ತಿದ್ದಂಗೆ ಎರಡು ಭಾಗ ಸೇರಿ 45 ಆಗಿ 44 ಮೀರುತ್ತೆ, ಇನ್ನು ಅಕ್ಕಪಕ್ಕ ಹಿಡಿಯಲ್ಲ, ಒಂದರ ಕೆಳಗೆ ಒಂದು ಹಾಕ್ಬೇಕು, ಆಗ 2.35 ಮೀಟರ್ ಆಸುಪಾಸಿಗೆ ಹೋಗುತ್ತೆ, ತೋಳು ಪಕ್ಕದಲ್ಲಿ ಉಳಿದ ಜಾಗದಲ್ಲಿ ಬರುತ್ತೆ. ಗಮನಿಸಿ, ಆ ಜಿಗಿತ ಆಗಿದ್ದು ಎಲ್ ಹತ್ರ, ಎಲ್‌ನ ಎಲ್ಲಾ ಕಂಪನಿಗಳೂ ಮಾಡ್ತಾವೆ! ಅಲ್ಲಿಂದ ಥ್ರೀ ಎಕ್ಸ್‌ಎಲ್‌ಗೆ ಹೋದ್ರೆ ಭಾಗಗಳು ಅಗಲ ಆಗ್ತಾವೆ, ಪಕ್ಕದಲ್ಲಿ ಉಳಿಯೋ ಜಾಗ ಕಮ್ಮಿ ಆಗುತ್ತೆ, ಉದ್ದದಲ್ಲಿ ಹೆಚ್ಚಂದ್ರೆ ಒಂದು ಹತ್ತು ಸೆಂಟಿಮೀಟರ್ ಜಾಸ್ತಿ ಹೋಗ್ಬಹುದು. ಮೀಟರ್‌ಗೆ 150 ರೂಪಾಯಿ ಬಟ್ಟೆ ಅಂದ್ರೂ ಅದು 15 ರೂಪಾಯಿ. ಫ್ಯಾಕ್ಟರಿಯಲ್ಲಂತೂ ಸಣ್ಣ ಸೈಜ್ ದೊಡ್ಡ ಸೈಜ್ ಎರಡನ್ನೂ ಮೇಜಿನ ಮೇಲೆ ಹಾಸಿದ ಒಂದೇ ಬಟ್ಟೇಲಿ ಪಕ್ಕಪಕ್ಕ ಹೊಂದಿಸಿ ಕತ್ತರಿಸ್ತಾರೆ, ಆ ವ್ಯತ್ಯಾಸ ಇನ್ನೂ ಕಮ್ಮಿ ಆಗುತ್ತೆ. ತುಂಬಾ ಫ್ಲೇರ್ ಇರೋ ಅನಾರ್ಕಲಿ ಥರದ್ದಕ್ಕೆ ಲೆಕ್ಕ ಬೇರೆ, ಒಪ್ಕೋತೀನಿ, ಆದ್ರೆ ಶೋರೂಮಲ್ಲಿ ನೇತಾಡ್ತಿರೋ ನೇರ ಕುರ್ತಿಗಳಿಗೆ ಈ ನೆಪ ನಿಲ್ಲಲ್ಲ.

ಹಾಗಾದ್ರೆ ನಿಜವಾದ ಕಾರಣ ಏನು ಅಂದ್ರೆ ಬೇಸ್ ಪ್ಯಾಟರ್ನ್ ಇನ್ನೊಂದು ಮಾಡೋ ಖರ್ಚು ಒಂದು, ಅದು ಒಂದ್ಸಲದ್ದು. ಅದಕ್ಕಿಂತ ದೊಡ್ಡ ಕಾರಣ ಸ್ಟಾಕ್ ಉಳ್ಕೊಳ್ಳೋ ಭಯ. ಕುರ್ತಿಗಳು ಹೋಲ್‌ಸೇಲಲ್ಲಿ ಸೆಟ್ ಲೆಕ್ಕದಲ್ಲಿ ಬರ್ತಾವೆ, ಎಂ, ಎಲ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಅಂತ ನಾಲ್ಕು ಪೀಸ್ ಒಂದು ಸೆಟ್, ಅಂಗಡಿಯೋರು ಸೆಟ್ ಒಡೆದು ತಗೊಳ್ಳೋ ಹಂಗಿಲ್ಲ. ಥ್ರೀ ಎಕ್ಸ್‌ಎಲ್ ಎಲ್ಲೋ ಒಂದು ಡಿಸೈನಲ್ಲಿ ಒಂದೋ ಎರಡೋ ಪೀಸ್ ಬಂದಿರುತ್ತೆ. ಅದು ಬಂದ ಎರಡೇ ದಿನಕ್ಕೆ ಹೋಗುತ್ತೆ. ಆಮೇಲೆ ನಿಮ್ಮಂತೋರು ಎಷ್ಟು ಜನ ಬಂದು ಕೇಳಿ ವಾಪಸ್ ಹೋದ್ರು ಅನ್ನೋದು ಎಲ್ಲೂ ಬರಹದಲ್ಲಿ ಉಳಿಯಲ್ಲ, ಬಿಲ್ಲಿಂಗ್ ಮೆಷಿನ್‌ಗೆ ಗೊತ್ತಿರೋದು ಮಾರಾಟ ಆಗಿದ್ದು ಮಾತ್ರ, ಸಿಗದೆ ಇದ್ದಿದ್ದಲ್ಲ. ತಿಂಗಳ ಕೊನೆಗೆ ರಿಪೋರ್ಟ್ ತೆಗೆದ್ರೆ ಎಕ್ಸ್‌ಎಲ್ ಇಷ್ಟು ಹೋಗಿದೆ, ಥ್ರೀ ಎಕ್ಸ್‌ಎಲ್ ಎರಡೇ ಹೋಗಿದೆ, ಹಂಗಾಗಿ ಡಿಮ್ಯಾಂಡ್ ಇಲ್ಲ ಅಂತ ಷರಾ. ಮುಂದಿನ ಸೀಸನ್‌ಗೆ ಇನ್ನೂ ಕಮ್ಮಿ ಆರ್ಡರ್. ಪಕ್ಷಪಾತ ಅಂದ್ರೆ ಯಾರೋ ಒಬ್ರು ಕೂತ್ಕೊಂಡು ದಪ್ಪ ಇರೋರಿಗೆ ಕೊಡಬಾರ್ದು ಅಂತ ತೀರ್ಮಾನ ಮಾಡ್ತಾರೆ ಅಂತ ನಾವು ಅಂದ್ಕೋತೀವಿ, ಇಲ್ಲಿ ಅಂಥ ತೀರ್ಮಾನ ಯಾರೂ ಮಾಡ್ಬೇಕಾಗಿಯೇ ಇಲ್ಲ, ಲೆಕ್ಕದ ಪುಸ್ತಕವೇ ಪ್ರತಿ ಸೀಸನ್ನೂ ಆ ಕೆಲಸ ಮಾಡ್ಕೊಂಡು ಹೋಗುತ್ತೆ. ಚಿಕ್ಕ ಅಂಗಡಿಯೋರಿಗೆ ರ್‍ಯಾಕಲ್ಲಿ ಜಾಗ ಇಲ್ಲ, ದುಡ್ಡು ಸಿಕ್ಕಾಕೊಳ್ಳುತ್ತೆ, ಅವರನ್ನ ನಾನು ಬೈಯಲ್ಲ. ದೊಡ್ಡ ಶೋರೂಮ್‌ಗೆ ಆ ಮಾತು ಹೇಳೋ ಹಕ್ಕಿಲ್ಲ.

ಅದೇ ಶೋರೂಮಲ್ಲಿ ಗಂಡಸರ ಕಡೆ ಒಂದ್ಸಲ ಹೋಗಿ ನೋಡಿ. ಶರ್ಟು 44 ಇರುತ್ತೆ, ಬಹಳ ಕಡೆ 46 ಕೂಡ, ಹೊಟ್ಟೆ ಮುಂದೆ ಬಂದ ಗಂಡಸಿಗೆ "ಸರ್, ಇದು ಕಂಫರ್ಟ್ ಫಿಟ್" ಅಂತ ಹೇಳಿ ತೆಗೆದು ತೋರಿಸ್ತಾರೆ. ಗಂಡಸಿನ ಹೊಟ್ಟೆಗೆ ಅಂತ ಕಟ್ ಬದಲಾಯಿಸ್ತಾರೆ, ಹೆಂಗಸಿಗೆ ಮೈ ಬದಲಾಯಿಸ್ಕೊಂಡು ಬಾ ಅಂತಾರೆ.

ಯಾರನ್ನ ಅಳತೆ ಮಾಡ್ತಾರೆ ಅನ್ನೋದ್ರಲ್ಲೂ ಇದೇ ಕಥೆ. ಅಮೆರಿಕದಲ್ಲಿ 1939-40ರಲ್ಲಿ ಸರ್ಕಾರದೋರು ಸುಮಾರು 15,000 ಹೆಂಗಸರ ಅಳತೆ ತಗೊಂಡ್ರು, ಹೆಂಗಸರ ರೆಡಿಮೇಡ್ ಸೈಜ್‌ಗೆ ವೈಜ್ಞಾನಿಕ ಲೆಕ್ಕ ಕೊಡೋಕೆ ಮಾಡಿದ ಮೊದಲ ದೊಡ್ಡ ಪ್ರಯತ್ನ ಅದು, ಅದರ ಆಧಾರದ ಮೇಲೇ 1958ರಲ್ಲಿ ಅಲ್ಲಿನ ಸ್ಟ್ಯಾಂಡರ್ಡ್ ಬಂತು. ಆದ್ರೆ ಬಿಳಿಯರಲ್ಲದ ಹೆಂಗಸರ ಅಳತೆಗಳನ್ನ ಲೆಕ್ಕದಿಂದಲೇ ತೆಗೆದುಬಿಟ್ಟಿದ್ರು. ನಮ್ಮಲ್ಲಿ ಬಹಳ ಕಂಪನಿಗಳು ವಿದೇಶದ ಚಾರ್ಟ್‌ಗಳನ್ನೇ ಅಲ್ಲಿ ಇಲ್ಲಿ ತಿದ್ದಿ ಇಟ್ಕೊಂಡು ಕೆಲಸ ನಡೆಸ್ಕೊಂಡು ಬಂದಿದಾವೆ. ಫ್ಯಾಷನ್ ಕಲಿಸೋ ಸರ್ಕಾರಿ ಸಂಸ್ಥೆ ನಿಫ್ಟ್‌ನೋರು ಕೇಂದ್ರ ಜವಳಿ ಸಚಿವಾಲಯದ ಜೊತೆ ಸೇರಿ ಇಂಡಿಯಾಸೈಜ್ ಅಂತ ಒಂದು ಸರ್ವೆ ಕೈಗೆತ್ಕೊಂಡ್ರು, ಬೆಂಗಳೂರೂ ಸೇರಿ 6 ನಗರ, 15ರಿಂದ 65 ವರ್ಷದ 25,000 ಜನರನ್ನ 3ಡಿ ಸ್ಕ್ಯಾನರಲ್ಲಿ ಅಳೆಯೋ ಯೋಜನೆ. ಇದು ಬೇಕಾಗಿದ್ದ ಕೆಲಸವೇ. ಆದ್ರೆ ಚಾರ್ಟ್ ಎಷ್ಟೇ ಸರಿ ಇದ್ರೂ ಅದರಲ್ಲಿ ಯಾವ ಸಾಲಿಗೆ ನಿಲ್ಲಿಸ್ಬೇಕು ಅನ್ನೋದು ಕಂಪನಿ ಕೈಯಲ್ಲಿ ಇರುತ್ತೆ.

ಇನ್ನು ಆ ಹುಡುಗಿ ವಿಷಯ. ಅವಳು ದಿನಾ ನಿಂತೇ ಕೆಲಸ ಮಾಡೋಳು, ಟಾರ್ಗೆಟ್ ಇರುತ್ತೆ, ಯಾವ ಗಿರಾಕಿ ಮೇಲೆ ಟೈಮ್ ಹಾಕಿದ್ರೆ ಬಿಲ್ ಆಗುತ್ತೆ ಅಂತ ಬಾಗಿಲಲ್ಲೇ ಅಳೀತಾಳೆ. ಸ್ಟಾಕ್ ಇಲ್ಲ ಅಂತ ಅವಳಿಗೆ ಗೊತ್ತಿತ್ತು, ಅದನ್ನ ಹೇಳೋದು ಅವಳ ಕೆಲಸ. ಆದ್ರೆ ಎಲ್ರ ಮುಂದೆ ಗಟ್ಟಿಯಾಗಿ, ನೀವು ಏನು ಬೇಕು ಅಂತ ಕೇಳೋಕೂ ಮುಂಚೆ, 31 ವರ್ಷದೋರಿಗೆ ಆಂಟಿ ಅಂತ ಕರೆದು ಹೇಳಿದ್ಲಲ್ಲ, ಅದು ಸ್ಟಾಕಿನ ಮಾತಲ್ಲ. ಈ ಬಗ್ಗೆ ಅಮೆರಿಕದ ಈಡನ್ ಕಿಂಗ್ ಮತ್ತು ಅವರ ಜೊತೆಯವರು ಮಾಡಿದ ಒಂದು ಅಧ್ಯಯನ 2006ರಲ್ಲಿ ಬಂತು, ನಂಗೆ ಅದು ಮರೆಯೋಕಾಗಲ್ಲ. ಹುಡುಗಿಯರನ್ನ ಗಿರಾಕಿಗಳ ಹಂಗೆ ಮಾಲ್ ಅಂಗಡಿಗಳಿಗೆ ಕಳಿಸಿದ್ರು, ಕೆಲವು ಸಲ ಇದ್ದಂಗೇ, ಕೆಲವು ಸಲ ಬಟ್ಟೆ ಒಳಗೆ ಪ್ಯಾಡ್ ಸೂಟ್ ಹಾಕಿ ದಪ್ಪ ಕಾಣೋ ಹಂಗೆ. ಅಂಗಡಿಯೋರು ದಪ್ಪ ಕಾಣೋರಿಗೆ ಸೇವೆ ಕೊಡಲ್ಲ ಅಂತ ನೇರವಾಗಿ ಅನ್ನಲಿಲ್ಲ, ಆ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಬಂದಿದ್ದು ನಗು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋದು, ದನಿ, ಮಾತು ಬೇಗ ಮುಗಿಸೋ ಆತುರ, ಇಂಥದ್ರಲ್ಲಿ. ದೂರು ಕೊಡೋಕೆ ಕೈಗೆ ಸಿಗದೆ ಇರೋ ಥರದ್ದು.

ಅದರಲ್ಲಿ ಮುಖ್ಯವಾದ ಭಾಗ ಇನ್ನೊಂದು. ಅದೇ ದಪ್ಪ ಕಾಣೋ ಗಿರಾಕಿ ಕೈಯಲ್ಲಿ ಡಯಟ್ ಡ್ರಿಂಕ್ ಹಿಡ್ಕೊಂಡು, ತಾನು ತೂಕ ಇಳಿಸ್ತಿದೀನಿ ಅನ್ನೋದು ತಿಳಿಯೋ ಹಂಗೆ ನಡ್ಕೊಂಡಾಗ ಒರಟುತನ ಕಮ್ಮಿ ಆಯ್ತು. ಮೈ ಅದೇ, ಸೈಜ್ ಅದೇ, ಅಂಗಡಿಗೆ ಆಗೋ ತೊಂದರೆ ಏನೂ ಬದಲಾಗಿಲ್ಲ, ಆದ್ರೂ ಮರ್ಯಾದೆ ಸಿಕ್ತು. ಅಂದ್ರೆ ಅವ್ರು ಅಳೀತಿದ್ದಿದ್ದು ಮೈನಲ್ಲ, ಇವಳು ಸೋಂಬೇರಿ, ನಾಲಿಗೆ ಹಿಡಿತ ಇಲ್ಲ ಅಂತ ಮನಸ್ಸಲ್ಲಿ ಮೊದಲೇ ಮಾಡ್ಕೊಂಡಿದ್ದ ತೀರ್ಪನ್ನ. ನಮ್ಮ ಕಡೆ ಹೆಂಗಸರು ಈ ಪರೀಕ್ಷೆನ ಯಾರೂ ಹೇಳ್ಕೊಡದೆ ಕಲ್ತಿದಾರೆ. ಕೌಂಟರ್ ಹತ್ರ ನಿಂತು ಸೈಜ್ ಕೇಳೋಕೆ ಮುಂಚೆನೇ "ಡೆಲಿವರಿ ಆದ್ಮೇಲೆ ಹಿಂಗಾಯ್ತಮ್ಮ", "ಥೈರಾಯ್ಡ್ ಇದೆ", "ಈಗ ವಾಕಿಂಗ್ ಶುರು ಮಾಡಿದೀನಿ" ಅಂತ ಶುರು ಮಾಡೋರನ್ನ ನಾನು ಎಷ್ಟೋ ಜನರನ್ನ ನೋಡಿದೀನಿ. ದುಡ್ಡು ಕೊಟ್ಟು ಬಟ್ಟೆ ತಗೊಳ್ಳೋಕೆ ಹೋದೋರು ಮೊದಲು ತಮ್ಮ ಮೈಗೆ ಕಾರಣ ಕೊಡ್ಬೇಕು ಅನ್ನೋ ಸ್ಥಿತಿ ಅದು. ನೀವು ಆ ಕಾರಣ ಕೊಡೋ ಅಗತ್ಯ ಇಲ್ಲ. ಅದೇ ಅಧ್ಯಯನದಲ್ಲಿ ನಿಜವಾದ ಗಿರಾಕಿಗಳನ್ನೂ ಕೇಳಿದ್ರು, ಕೆಟ್ಟದಾಗಿ ನಡೆಸ್ಕೊಂಡ ಕಡೆ ಕಮ್ಮಿ ಖರ್ಚು ಮಾಡಿದ್ರು, ಮತ್ತೆ ಹೋಗೋ ಮನಸ್ಸೂ ಕಮ್ಮಿ ಇತ್ತು. ಆ ನಷ್ಟವೂ ಬಿಲ್ಲಿಂಗ್ ಮೆಷಿನಲ್ಲಿ ಕಾಣಲ್ಲ.

ಈಗ ನಿಮ್ಮ ನಿಶ್ಚಿತಾರ್ಥದ ಬಟ್ಟೆ. ರೆಡಿಮೇಡ್ ತಗೊಳ್ಳೋದಾದ್ರೆ ಎದೆ ಅಳತೆ ನೋಡಿ ತಗೋಬೇಡಿ, ತೋಳು ನೋಡಿ ತಗೊಳ್ಳಿ. ತೋಳಿಗೆ ಸರಿ ಹೋಗೋ ಸೈಜು ಸಿಕ್ಕಿದ್ರೆ ಮೈ ಭುಜ ಎರಡೂ ಲೂಸ್ ಇರುತ್ತೆ, ಇರಲಿ, ಲೂಸ್ ಇರೋದನ್ನ ಹಿಡೀಬಹುದು, ಇಲ್ಲದ ಬಟ್ಟೆನ ಎಲ್ಲಿಂದ ತರೋದು. ಟೈಲರ್ ಹತ್ರ ಹೋದಾಗ ಒಂದು ವಿಷಯ ಗಟ್ಟಿಯಾಗಿ ಹೇಳ್ಬೇಕು. ಬಹಳ ಜನ ಟೈಲರ್‌ಗಳು ಬರೀ ಸೈಡ್ ಹೊಲಿಗೆ ಹಿಡಿದು ಕೊಟ್ಬಿಡ್ತಾರೆ, ಅದರಿಂದ ಭುಜ ಜಾರೋದು ಹಂಗೇ ಉಳಿಯುತ್ತೆ, ಮೇಲಿಂದ ಕಂಕುಳ ಹತ್ರ ಇನ್ನೂ ಬಿಗಿ ಆಗುತ್ತೆ. ತೋಳು ಬಿಚ್ಚಿಸಿ, ಭುಜದ ತುದಿಯಲ್ಲಿ ಬೇಕಾದಷ್ಟು, ಒಂದೊಂದು ಕಡೆ ಅರ್ಧ ಇಂಚು ಅಂದ್ಕೊಳ್ಳಿ, ಒಳಗೆ ತಗೊಂಡು, ಕೆಳಗೆ ಬರ್ತಾ ಬರ್ತಾ ಅದನ್ನ ಸೊನ್ನೆಗೆ ತಂದು, ಕಂಕುಳ ಕೆಳಗಿನ ಭಾಗ ಮುಟ್ಟದೆ ತೋಳು ವಾಪಸ್ ಕೂರಿಸ್ಬೇಕು. ಸೈಡ್ ಹಿಡಿಯೋದು ಆಮೇಲೆ, ಹಾಕಿ ನೋಡಿದ್ಮೇಲೆ. ತಗೊಳ್ಳೋಕೆ ಮುಂಚೆ ಅಂಗಡೀಲೇ ಕುರ್ತಿ ಉಲ್ಟಾ ಮಾಡಿ ಸೈಡಲ್ಲಿ ತೋಳಲ್ಲಿ ಒಳಗೆ ಎಷ್ಟು ಮಾರ್ಜಿನ್ ಬಿಟ್ಟಿದಾರೆ ನೋಡಿ, ಓವರ್‌ಲಾಕ್ ಹೊಲಿಗೆ ಪಕ್ಕದಲ್ಲೇ ಇದ್ರೆ ಬಿಚ್ಚೋಕೆ ಏನೂ ಉಳಿದಿರಲ್ಲ.

ಆನ್‌ಲೈನಲ್ಲಿ ನೋಡೋದಾದ್ರೆ ಸೈಜ್ ಚಾರ್ಟಲ್ಲಿ ಕೊಟ್ಟಿರೋದು ಮೈ ಅಳತೆಯಾ ಬಟ್ಟೆ ಅಳತೆಯಾ ಅಂತ ಮೊದಲು ನೋಡಿ, ಇದೊಂದ್ರಲ್ಲೇ ರಿಟರ್ನ್ ಆಗೋದು ಜಾಸ್ತಿ. ಬಟ್ಟೆ ಅಳತೆ 46 ಅಂದ್ರೆ ಅದು 46 ಮೈಗಲ್ಲ, 43, 44ಕ್ಕೆ. ತೋಳಿನ ಸುತ್ತಳತೆ ಕೊಟ್ಟೇ ಇಲ್ಲ ಅಂದ್ರೆ ಆ ಕಂಪನಿ ದೊಡ್ಡ ಸೈಜ್ ಬಗ್ಗೆ ಯೋಚನೆ ಮಾಡಿಲ್ಲ ಅಂತ ನಾನು ಮುಂದಕ್ಕೆ ಹೋಗ್ತೀನಿ.

ನಿಮ್ಮ ಜಾಗದಲ್ಲಿ ನಾನಿದ್ರೆ ಡ್ರೆಸ್ ಮೆಟೀರಿಯಲ್ ತಗೊಂಡು ಹೊಲಿಸ್ತಿದ್ದೆ. ಟಾಪ್ ಬಟ್ಟೆ ಎರಡೂವರೆ ಮೀಟರ್ ಇದೆಯಾ ಅಂತ ಬಿಚ್ಚಿಸಿ ಅಳತೆ ಹಾಕಿಸಿ ನೋಡಿ, 44 ಪನ್ನ ಇದ್ರೆ ನೇರ ಕಟ್ ಕುರ್ತಿಗೆ ನಿಮ್ಮ ಸೈಜಲ್ಲಿ ಅಷ್ಟು ಸಾಕು, ಬಾರ್ಡರ್ ಡಿಸೈನ್ ಹೊಂದಿಸೋ ಥರದ್ದು ಆದ್ರೆ 3 ಮೀಟರ್ ಬೇಕಾಗ್ಬಹುದು. ಟೈಲರ್ ಅಂಗಡೀಲೂ ಮರ್ಯಾದೆ ಹೋಗೋ ಸಂದರ್ಭ ಇರುತ್ತೆ, ಮಾಸ್ಟರ್ ಟೇಪ್ ಹಿಡಿದು "ಎದೆ ನಲವತ್ನಾಲ್ಕು, ಬರ್ಕೊಳ್ಳೋ" ಅಂತ ಹುಡುಗನಿಗೆ ಕೂಗಿ ಹೇಳ್ತಾರೆ, ಕಾಯ್ತಾ ಕೂತೋರಿಗೆಲ್ಲ ಕೇಳುತ್ತೆ. ಅದಕ್ಕೆ ತಂಗಿ ಕೈಲಿ ಮನೇಲೇ ಅಳತೆ ಹಾಕಿಸ್ಕೊಳ್ಳಿ: ಬೆನ್ನ ಕಡೆಯಿಂದ ಭುಜದ ಮೂಳೆಯಿಂದ ಮೂಳೆಗೆ, ಕಂಕುಳ ಕೆಳಗೆ ಎದೆ ಮೇಲ್ಭಾಗ, ಎದೆ ತುಂಬಿರೋ ಜಾಗ, ತೋಳು ದಪ್ಪ ಇರೋ ಜಾಗ, ಹೊಟ್ಟೆ, ಸೀಟು. ಎದೆ ಮೇಲ್ಭಾಗಕ್ಕೂ ತುಂಬಿದ ಜಾಗಕ್ಕೂ 4 ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಡಾರ್ಟ್ ಹಾಕ್ಲೇಬೇಕು, ಮುಂದಿನ ಭಾಗ ಹಿಂದಿನದಕ್ಕಿಂತ ಅಗಲ ಕತ್ತರಿಸ್ಬೇಕು ಅಂತ ಅದರ ಪಕ್ಕದಲ್ಲೇ ಬರೀರಿ. ಚೀಟಿ ಕೊಟ್ಟು, ಚೆನ್ನಾಗಿ ಕೂತಿರೋ ಒಂದು ಹಳೇ ಬ್ಲೌಸನ್ನೂ ಜೊತೆಗೆ ಕೊಡಿ. ಮೊದಲು ಅಗ್ಗದ ಕಾಟನಲ್ಲಿ ಒಂದು ಹೊಲಿಸಿ ನೋಡೋಷ್ಟು ಟೈಮ್ ಇದ್ರೆ ಅದನ್ನ ತಪ್ಪಿಸ್ಬೇಡಿ, ತೋಳು ಎಲ್ಲಿ ಹಿಡೀತು ಅಂತ ಅದರ ಮೇಲೇ ಚಾಕ್‌ಪೀಸಲ್ಲಿ ಗುರುತು ಹಾಕಿ ಟೈಲರ್‌ಗೆ ವಾಪಸ್ ಕೊಡಿ.